ಅಪ್‌ಡೇಟ್: ತಿಂಗಳ ನಡುವಿನ ಆ ನೋವು

ನಾನು ಕೇಳಿದ್ದು: "ಮುಟ್ಟಾಗಿ ಎರಡು ವಾರ ಕಳೆಯುವಾಗ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಚುಚ್ಚಿದಂತೆ ನೋವು ಬರುತ್ತದೆ. ಏಕೆ? ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ, ನೋವು ಬಂದ ದಿನ ಸೇರಿದರೆ ಸಾಕೇ?"

ಸ್ತ್ರೀರೋಗ ತಜ್ಞೆಯನ್ನು ಕಂಡು ಬಂದೆ. ಸ್ಕ್ಯಾನಿಂಗ್‌ನಲ್ಲಿ ನೋವಿದ್ದ ಬದಿಯ ಅಂಡಾಶಯದಲ್ಲೇ ಬಲಿತ ಕೋಶಕ, ಅಂದರೆ ಅಂಡವಿರುವ ದ್ರವ ತುಂಬಿದ ಪುಟ್ಟ ಚೀಲ, ಕಾಣಿಸಿತು. ಅದು ಸುಮಾರು 2 ಸೆಂಟಿಮೀಟರ್‌ಗೆ ಉಬ್ಬಿ ಅಂಡಾಶಯದ ಹೊದಿಕೆಯನ್ನು ಎಳೆಯುವಾಗ ನೋಯಬಹುದು. ಒಡೆದ ಮೇಲೆ ಚೆಲ್ಲುವ ದ್ರವ, ತುಸು ರಕ್ತ ಹೊಟ್ಟೆಯ ಒಳಪೊರೆಯನ್ನು ಕೆರಳಿಸಿದಾಗಲೂ ನೋಯಬಹುದು. ಅಂದರೆ ನೋವು ಅಂಡ ಹೊರಬೀಳುವ ಮೊದಲೂ ಬರಬಹುದು, ಆಮೇಲೂ ಬರಬಹುದು. ತೊಡಕಿರುವುದು ಇಲ್ಲಿಯೇ.

ಹೊರಬಂದ ಅಂಡ ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಗರ್ಭಾಶಯ, ನಾಳಗಳಲ್ಲಿ 5 ದಿನದವರೆಗೂ ಕಾಯಬಲ್ಲದು. ಹಾಗಾಗಿ ಅಂಡೋತ್ಪತ್ತಿಗೆ ಮುಂಚಿನ ಎರಡು ದಿನಗಳೇ ಹೆಚ್ಚು ಫಲವತ್ತಾದವು. ನೋವಿಗಾಗಿ ಕಾದು ಕುಳಿತರೆ ಅವು ಜಾರಿಹೋಗಬಹುದು. ಬಂದ ದಿನ ಸೇರುವುದರಲ್ಲಿ ನಷ್ಟವಿಲ್ಲ, ಅದೊಂದನ್ನೇ ನೆಚ್ಚಬಾರದು ಅಷ್ಟೆ.

ಈಗ ನಾನು ನೋಡುವುದು ಸ್ರಾವವನ್ನು. ಅದು ಮೊಟ್ಟೆಯ ಬಿಳಿಭಾಗದಂತೆ ತಿಳಿಯಾಗಿ, ಬೆರಳ ನಡುವೆ ಎಳೆಯಾಗಿ ಹಿಗ್ಗತೊಡಗಿದಾಗಿನಿಂದ ದಿನ ಬಿಟ್ಟು ದಿನ ಸೇರುತ್ತೇವೆ. ಜೊತೆಗೆ, ಅಂಡ ಹೊರಬೀಳುವ ಮುನ್ನ ಏರುವ ಎಲ್‌ಎಚ್ ಹಾರ್ಮೋನನ್ನು ಮೂತ್ರದಲ್ಲಿ ಪತ್ತೆಹಚ್ಚುವ ಪಟ್ಟಿ: ಪರೀಕ್ಷಾ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾದರೆ ಸಾಮಾನ್ಯವಾಗಿ ಒಂದೂವರೆ ದಿನದೊಳಗೆ ಅಂಡ ಹೊರಬೀಳುತ್ತದೆ. ಕಳೆದ ತಿಂಗಳು ಗೆರೆ ಗಾಢವಾದ ಮರುದಿನ ನೋವು ಬಂದಿತು.

ನೋವು ಎರಡು ದಿನ ಮೀರಿದರೆ, ಜ್ವರ, ವಾಂತಿ, ತಲೆಸುತ್ತು ಜೊತೆಯಾದರೆ ತಡಮಾಡದೆ ಬರಬೇಕೆಂದು ವೈದ್ಯೆ ಹೇಳಿದ್ದಾರೆ.