ಎರಡನೇ ಕಾಮನಬಿಲ್ಲಿನಲ್ಲಿ ಬಣ್ಣ ತಿರುಗುಮುರುಗಾಗುವುದೇಕೆ, ನಡುವಿನ ಆಕಾಶ ಕಪ್ಪಾಗುವುದೇಕೆ?

ಪ್ರಶ್ನೆ, ತೀರ್ಥಹಳ್ಳಿಯ ಸದಸ್ಯರಿಂದ: ಮೊನ್ನೆ ಸಂಜೆ ಪೂರ್ವಕ್ಕೆ ಎರಡು ಕಾಮನಬಿಲ್ಲುಗಳು ಕಂಡವು. ಕೆಳಗಿನದರಲ್ಲಿ ಕೆಂಪು ಹೊರಗಿತ್ತು, ಮೇಲಿನದರಲ್ಲಿ ಒಳಗಿತ್ತು. ಎರಡರ ನಡುವಿನ ಆಕಾಶ ಮಾತ್ರ ಎದ್ದು ಕಾಣುವಷ್ಟು ಕಪ್ಪಾಗಿತ್ತು. ಅಷ್ಟು ಜಾಗದಲ್ಲಿ ಮಳೆಯೇ ಇರಲಿಲ್ಲವೇ?

ಪ್ರೌಢಶಾಲಾ ಶಿಕ್ಷಕರೊಬ್ಬರು: ಹನಿಯೊಳಗೆ ಬೆಳಕು ಒಂದು ಸಲ ಪ್ರತಿಫಲಿಸಿದರೆ ಮೊದಲ ಬಿಲ್ಲು, ಎರಡು ಸಲ ಪ್ರತಿಫಲಿಸಿದರೆ ಎರಡನೆಯದು. ಕನ್ನಡಿಯಲ್ಲಿ ಎಡಬಲ ಬದಲಾಗುವ ಹಾಗೆ, ಎರಡನೇ ಪ್ರತಿಫಲನದಲ್ಲಿ ಬಣ್ಣಗಳು ಅದಲುಬದಲಾಗುತ್ತವೆ.

ಉತ್ತರ, ದೃಗ್ವಿಜ್ಞಾನ ಬೋಧಿಸುವ ಉಪನ್ಯಾಸಕಿ: ಮೇಷ್ಟ್ರು ಹೇಳಿದ ಪ್ರತಿಫಲನಗಳ ಲೆಕ್ಕ ಸರಿಯಾಗಿದೆ, ಆದರೆ ಕನ್ನಡಿಯ ಕಾರಣ ಇಲ್ಲಿ ಹೊಂದುವುದಿಲ್ಲ. ಎರಡನೆಯದು ಮೊದಲ ಬಿಲ್ಲಿನ ಬಿಂಬವಲ್ಲ. ಬೇರೆ ಹನಿಗಳಿಂದ, ಬೇರೆ ದಾರಿಯಲ್ಲಿ ಬಂದ ಬೆಳಕು. ಮೊದಲ ಬಿಲ್ಲಿನ ಕಿರಣ ಹನಿಯ ಮೇಲರ್ಧದಿಂದ ಒಳಹೊಕ್ಕು ಕೆಳಗಿನಿಂದ ಹೊರಬೀಳುತ್ತದೆ. ಎರಡನೆಯದರ ಕಿರಣ ಕೆಳಗಿನಿಂದ ಹೊಕ್ಕು, ಒಳಗೆ ಎರಡು ಸಲ ತಿರುಗಿ, ಮೇಲಿನಿಂದ ಹೊರಬಂದು ನಮ್ಮ ಕಡೆ ಇಳಿಯುತ್ತದೆ.

ಈಗ ಕಿರಣ ಒಟ್ಟು ಎಷ್ಟು ತಿರುಗಿತು ಎಂಬುದನ್ನು ನೋಡೋಣ. ಅರ್ಧ ಸುತ್ತು ಎಂದರೆ 180 ಡಿಗ್ರಿ. ಅಷ್ಟು ತಿರುಗಿದ ಬೆಳಕು ಬಂದ ದಾರಿಯಲ್ಲೇ ಸೂರ್ಯನತ್ತ ಮರಳುತ್ತದೆ. ಮೊದಲ ಬಿಲ್ಲಿನ ಕೆಂಪು ಬೆಳಕು ಸುಮಾರು 137.6 ಡಿಗ್ರಿ ತಿರುಗುತ್ತದೆ, ಅಂದರೆ ಅರ್ಧ ಸುತ್ತಿಗೆ 42.4 ಡಿಗ್ರಿ ಕಡಿಮೆ. ಸೂರ್ಯನಿಗೆ ನೇರ ಎದುರಿನ ಬಿಂದುವೇ ಬಿಲ್ಲಿನ ಕೇಂದ್ರ; ಅಲ್ಲಿಂದ ಇಷ್ಟೇ ಡಿಗ್ರಿ ದೂರದಲ್ಲಿ ಆ ಬಣ್ಣ ಕಾಣುತ್ತದೆ. ನೇರಳೆ ಇನ್ನೂ ಸ್ವಲ್ಪ ಹೆಚ್ಚು ತಿರುಗುವುದರಿಂದ ಅದರ ಕೊರತೆ 40.6ಕ್ಕೆ ಇಳಿದು, ಅದು ಒಳಗೆ ಕಾಣುತ್ತದೆ. ಎರಡನೇ ಬಿಲ್ಲಿನಲ್ಲಿ ಕಿರಣ ಅರ್ಧ ಸುತ್ತನ್ನು ದಾಟಿಬಿಟ್ಟಿರುತ್ತದೆ: ಕೆಂಪು 230.4, ನೇರಳೆ ಸುಮಾರು 233.5. ಇಲ್ಲಿಯೂ ಹೆಚ್ಚು ತಿರುಗುವುದು ನೇರಳೆಯೇ. ಆದರೆ ಅರ್ಧ ಸುತ್ತಿನಿಂದ ಅಳೆದಾಗ ಕೆಂಪಿಗೆ 50.4, ನೇರಳೆಗೆ 53.5 ಬರುವುದರಿಂದ ನೇರಳೆ ಹೊರಗೆ ಹೋಗುತ್ತದೆ. ಒಂದು ಬಿಲ್ಲನ್ನು ಕೊರತೆಯಿಂದಲೂ ಇನ್ನೊಂದನ್ನು ಹೆಚ್ಚಳದಿಂದಲೂ ಅಳೆಯುತ್ತಿದ್ದೇವೆ, ಕ್ರಮ ತಿರುಗುವುದು ಇಷ್ಟರಿಂದಲೇ.

ಕಪ್ಪು ಪಟ್ಟಿಯ ಉತ್ತರವೂ ಇದರಲ್ಲೇ ಇದೆ. ಮೇಲೆ ಕೊಟ್ಟ ಅಂಕಿಗಳು ಕನಿಷ್ಠ ತಿರುವುಗಳು. ಹನಿಯ ಬೇರೆ ಬೇರೆ ಜಾಗಕ್ಕೆ ತಾಗಿದ ಕಿರಣಗಳು ಅದಕ್ಕಿಂತ ಹೆಚ್ಚು ತಿರುಗಬಹುದು, ಕಡಿಮೆ ತಿರುಗಲಾರವು. ಕನಿಷ್ಠದ ಹತ್ತಿರ ಅವು ಒತ್ತಾಗಿ ಸೇರುವುದರಿಂದಲೇ ಅಲ್ಲಿ ಬಿಲ್ಲು ಹೊಳೆಯುತ್ತದೆ. ಹೀಗಾಗಿ ಒಂದು ಸಲ ಪ್ರತಿಫಲಿಸಿದ ಬೆಳಕು 42 ಡಿಗ್ರಿಯ ಒಳಗೇ ಉಳಿಯುತ್ತದೆ, ಎರಡು ಸಲ ಪ್ರತಿಫಲಿಸಿದ್ದು 50ರ ಹೊರಗೇ ಇರುತ್ತದೆ. ನಡುವಿನ ಎಂಟು ಡಿಗ್ರಿಗೆ ಎರಡರ ಪಾಲೂ ಇಲ್ಲ. ಕ್ರಿ.ಶ. 200ರ ಸುಮಾರಿನಲ್ಲಿ ಇದನ್ನು ವರ್ಣಿಸಿದ ಅಫ್ರೋಡಿಸಿಯಾಸ್‌ನ ಗ್ರೀಕ್ ತತ್ತ್ವಜ್ಞಾನಿ ಅಲೆಕ್ಸಾಂಡರ್ ಹೆಸರನ್ನೇ ಈ ಪಟ್ಟಿಗೆ ಇಟ್ಟಿದ್ದಾರೆ.

ಮಳೆ ಅಲ್ಲಿಯೂ ಖಂಡಿತ ಸುರಿಯುತ್ತಿತ್ತು. ಸೂರ್ಯ ದಿಗಂತದಿಂದ 20 ಡಿಗ್ರಿ ಎತ್ತರದಲ್ಲಿದ್ದಾನೆ ಎಂದುಕೊಳ್ಳಿ; ಆಗ ಬಿಲ್ಲುಗಳ ಕೇಂದ್ರ ದಿಗಂತಕ್ಕಿಂತ 20 ಡಿಗ್ರಿ ಕೆಳಗಿದ್ದು, ಮೊದಲ ಬಿಲ್ಲಿನ ನೆತ್ತಿ 22 ಡಿಗ್ರಿ ಎತ್ತರದಲ್ಲಿ, ಎರಡನೆಯದರ ಕೆಂಪು ಅಂಚು 30ರಲ್ಲಿ ಇರುತ್ತದೆ. ನೂರು ಮೀಟರ್ ದೂರದಲ್ಲಿ ಬೀಳುವ ಎರಡು ಮಿಲಿಮೀಟರಿನ ಒಂದು ಹನಿಯನ್ನು ಹಿಂಬಾಲಿಸಿದರೆ, ಅದು ಮೊದಲು ನಿಮಗೆ ನೇರಳೆಯನ್ನು ಕಳಿಸಿ, ಉಳಿದ ಬಣ್ಣಗಳನ್ನು ದಾಟಿ ಕೆಂಪಿಗೆ ಬರುತ್ತದೆ. ಆಮೇಲೆ ಸುಮಾರು ಎರಡೂವರೆ ಸೆಕೆಂಡು, ಹದಿನೇಳು ಮೀಟರ್ ಇಳಿಯುವವರೆಗೆ, ಅದರಿಂದ ನಿಮ್ಮ ಕಣ್ಣಿಗೆ ಬಿಲ್ಲಿನ ಬೆಳಕೇ ಬರುವುದಿಲ್ಲ. ಬಳಿಕ ಮತ್ತೆ ಕೆಂಪು, ಕೊನೆಗೆ ನೇರಳೆ. ಆ ಎರಡೂವರೆ ಸೆಕೆಂಡಿನಲ್ಲೂ ಅದು ಬೆಳಕನ್ನು ಹೊರಹಾಕುತ್ತಲೇ ಇರುತ್ತದೆ, ಬೇರೆ ಕಡೆ ನಿಂತವರ ಕಣ್ಣಿಗೆ.

ಕಾರವಾರದ ಸದಸ್ಯರು: ಮೇಡಂ, ನನ್ನ ಫೋಟೋದಲ್ಲಿ ಎರಡನೇ ಬಿಲ್ಲು ಮೊದಲನೆಯದರ ಒಳಗೇ ಅಂಟಿಕೊಂಡಿದೆ, ತೆಳು ಗುಲಾಬಿ ಮತ್ತು ಹಸಿರು ಗೆರೆಗಳಲ್ಲಿ. ಬಣ್ಣ ತಿರುಗಿಲ್ಲ. ನಿಮ್ಮ ಲೆಕ್ಕಕ್ಕೆ ಇದು ಬರುವುದಿಲ್ಲವಲ್ಲ?

ಉಪನ್ಯಾಸಕಿ: ಅದು ಎರಡನೇ ಬಿಲ್ಲಲ್ಲ. ಒಂದೇ ದಿಕ್ಕಿಗೆ ಹೊರಬೀಳುವ ಎರಡು ಕಿರಣಗಳ ಅಲೆಗಳು ಒಂದರ ಮೇಲೊಂದು ಬಿದ್ದು ಮೂಡಿಸುವ ಉಪಬಿಲ್ಲುಗಳು ಅವು. ಹನಿಗಳು ಸಣ್ಣವಾಗಿ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿದ್ದಾಗ ಚೆನ್ನಾಗಿ ಕಾಣುತ್ತವೆ. ಅನುಮಾನವಿದ್ದರೆ ಕೈ ಚಾಚಿ ಮುಷ್ಟಿ ಹಿಡಿಯಿರಿ, ಅದು ಸುಮಾರು ಹತ್ತು ಡಿಗ್ರಿ. ನಿಜವಾದ ಎರಡನೇ ಬಿಲ್ಲು ಮೊದಲನೆಯದರ ಹೊರಗೆ, ಒಂದು ಮುಷ್ಟಿಗಿಂತ ತುಸು ಕಡಿಮೆ ಅಂತರದಲ್ಲಿರುತ್ತದೆ.

ತೀರ್ಥಹಳ್ಳಿಯ ಸದಸ್ಯರು: ಮಳೆ ಇತ್ತು ಎಂಬುದು ಅರ್ಥವಾಯಿತು, ಮೇಡಂ. ಆದರೆ ಪಟ್ಟಿ ಪೂರ್ತಿ ಕಪ್ಪಾಗಿರಲಿಲ್ಲ, ಬೂದು ಬಣ್ಣಕ್ಕಿತ್ತು. ಎಡಬದಿಯಲ್ಲಿ ಬಲಕ್ಕಿಂತ ಗಾಢವಾಗಿಯೂ ಇತ್ತು.

ಉಪನ್ಯಾಸಕಿ: ಹನಿಯ ಹೊರಮೈಯಿಂದಲೇ ಪ್ರತಿಫಲಿಸುವ ಬೆಳಕು ಎಲ್ಲ ದಿಕ್ಕಿಗೂ ಹೋಗುತ್ತದೆ, ಹಿಂದಿನ ಮೋಡದ ಬೆಳಕೂ ಸೇರಿಕೊಳ್ಳುತ್ತದೆ, ಆದ್ದರಿಂದ ಪೂರ್ತಿ ಕಪ್ಪಾಗುವುದಿಲ್ಲ. ಎಡಬಲದ ವ್ಯತ್ಯಾಸಕ್ಕೆ ಎಡಗಡೆಯ ಮೋಡ ದಟ್ಟವಾಗಿದ್ದದ್ದು ಕಾರಣವಿರಬಹುದು, ಬಲಗಡೆ ಮಳೆ ತೆಳುವಾಗಿದ್ದದ್ದೂ ಇರಬಹುದು. ನೀವು ಹೇಳಿದ್ದರಿಂದಷ್ಟೇ ಇವೆರಡನ್ನು ಬೇರ್ಪಡಿಸಲಾಗದು. ಬಿಲ್ಲು ಮಾಸಿದ ಮೇಲೆ ಅದೇ ದಿಕ್ಕಿಗೆ ತೆಗೆದ ಚಿತ್ರವಿದ್ದರೆ ಹಾಕಿ. ಅದರಲ್ಲಿಯೂ ಎಡ ಗಾಢವಾಗಿದ್ದರೆ ಮೋಡದ ಕಡೆಗೆ ಹೆಚ್ಚು ಒಲವು ತೋರಿಸಬಹುದು.