ಸಹಾಯ ಬೇಕು: ಬ್ಲೌಸ್ ರೇಟ್ ಕಾರ್ಡ್‌ನಲ್ಲಿ ಆರಿ ವರ್ಕ್ ಹೇಗೆ ಹಾಕಲಿ?

ನಮಸ್ಕಾರ. ಹಾಸನದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದಿನಕ್ಕೆ ಹತ್ತು ಜನ ವಾಟ್ಸಾಪ್‌ನಲ್ಲಿ "ರೇಟ್ ಎಷ್ಟು ಅಕ್ಕಾ?" ಅಂತ ಕೇಳುತ್ತಾರೆ. ಮಷಿನ್ ಬಿಟ್ಟು ಎದ್ದು ಟೈಪ್ ಮಾಡಿ ಮಾಡಿ ಸಾಕಾಗಿದೆ.

ಮೊದಲು ಪಿಡಿಎಫ್ ಮಾಡಿಸಿದೆ. ಹೆಚ್ಚಿನವರು ತೆರೆದೇ ನೋಡಲಿಲ್ಲ. ಆಮೇಲೆ ಒಂದೇ ಫೋಟೋದಲ್ಲಿ ರೇಟ್ ಬರೆದು ಕಳಿಸಿದೆ. ಅದನ್ನು ಎಲ್ಲರೂ ನೋಡುತ್ತಾರೆ. ಆದರೆ ರೇಟ್ ಜಾಸ್ತಿ ಮಾಡಿದ ಮೇಲೂ ಹಳೇ ಫೋಟೋ ಓಡಾಡುತ್ತಿತ್ತು. ಲೈನಿಂಗ್ ಬ್ಲೌಸ್ 450 ಆಗಿದ್ದರೂ ಒಬ್ಬರು 350ರ ಫೋಟೋ ತೋರಿಸಿದರು. ಕೊನೆಗೆ ಅದೇ ರೇಟಿಗೆ ಕೊಟ್ಟೆ. ಈಗ ಫೋಟೋ ಮೇಲೆ "ಈ ತಿಂಗಳ ಕೊನೆವರೆಗೆ" ಅಂತ ದಿನಾಂಕ ಹಾಕುತ್ತೇನೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಮಾಡಿಟ್ಟಿದ್ದೇನೆ, `/rate` ಅಂತ ಒತ್ತಿದರೆ ಸಾಕು. ಪ್ಲೇನ್, ಲೈನಿಂಗ್, ಪ್ರಿನ್ಸೆಸ್ ಕಟ್ ಇವಕ್ಕೆಲ್ಲ ಈಗ ತೊಂದರೆ ಇಲ್ಲ.

ಸಿಕ್ಕಿಹಾಕಿಕೊಂಡಿರುವುದು ಆರಿ ವರ್ಕ್‌ನಲ್ಲಿ. ಕತ್ತಿನ ಸುತ್ತ ಒಂದು ಸಾಲು ಮಣಿ ಅಂದರೆ ಅರ್ಧ ದಿನದ ಕೆಲಸ. ಕತ್ತು, ಎರಡೂ ತೋಳು ತುಂಬ ಜರ್ದೋಸಿ ಅಂದರೆ ನಾಲ್ಕು ದಿನ ಬೇಕು. ಕಾರ್ಡ್‌ನಲ್ಲಿ "1,200ರಿಂದ ಶುರು" ಅಂತ ಬರೆದೆ. ಮದುವೆ ಬ್ಲೌಸ್ ಫೋಟೋ ಕಳಿಸಿ "1,200 ಅಲ್ವಾ?" ಅಂತಾರೆ. ರೇಟ್ ತೆಗೆದು "ಡಿಸೈನ್ ನೋಡಿ ಹೇಳುತ್ತೇನೆ" ಅಂತ ಹಾಕಿದರೆ ಮತ್ತೆ ಮೆಸೇಜ್ ಮಾಡುವುದೇ ಇಲ್ಲ.

ಆರಿ ವರ್ಕ್ ಮಾಡುವವರು ಹೇಳಿ: ಸಿಂಪಲ್, ಮೀಡಿಯಂ, ಹೆವಿ ಅಂತ ನಾನೇ ಹೊಲಿದ ಮೂರು ಬ್ಲೌಸ್ ಫೋಟೋ ಹಾಕಿ, ಪ್ರತಿಯೊಂದರ ಕೆಳಗೆ ಅದರದ್ದೇ ರೇಟ್ ಬರೆಯಲಾ? ಇಲ್ಲ, ಆರಿಗೆ ಬೇರೆ ಕಾರ್ಡ್ ಮಾಡಲಾ?