ಸಹಾಯ ಬೇಕು: ಗೆಳತಿಗೆ ಬರೆದ ಥ್ಯಾಂಕ್ಸ್ ಚೀಟಿ ಸ್ವಲ್ಪ ನೋಡಿ

ಗೆಳತಿ ಗುಟ್ಟಾಗಿ ನನ್ನ ಹುಟ್ಟುಹಬ್ಬ ಏರ್ಪಡಿಸಿದ್ದಳು. ಕಾರ್ಡಿನಲ್ಲಿ ಕೈಬರಹಕ್ಕೆ ಏಳೆಂಟು ಸಾಲಷ್ಟೇ ಜಾಗ. ಮೊದಲ ಕರಡು 'ಹೃತ್ಪೂರ್ವಕ ಧನ್ಯವಾದಗಳು' ಅಂತ ಶುರುವಾಗಿ, ಕೇಕು, ಬಲೂನು, ಊಟ ಎಲ್ಲ ಹೊಗಳಿ, ಥೇಟ್ ಸಂಘದ ವಂದನಾರ್ಪಣೆ ಆಗಿಬಿಟ್ಟಿತ್ತು. ಯಾರಿಗೆ ಕೊಟ್ಟರೂ ನಡೆಯುತ್ತಿತ್ತು, ಅದೇ ತಪ್ಪು. ಹಾಗಾಗಿ ಒಂದೇ ವಿಷಯ ಉಳಿಸಿಕೊಂಡು, ಅದನ್ನೇ ಮೊದಲಿಗಿಟ್ಟೆ:

"ಲೇ, ಅಮ್ಮನ ಕುರ್ಚಿಯನ್ನು ಸ್ಪೀಕರ್‌ನಿಂದ ದೂರ, ಕಿಟಕಿ ಪಕ್ಕ ಹಾಕಿಸಿದ್ದೆಯಲ್ಲ, ಬೆನ್ನಿಗೊಂದು ದಿಂಬೂ ಇಟ್ಟು. ಗದ್ದಲದಲ್ಲಿ ಅವಳಿಗೆ ಮಾತು ಕೇಳಿಸಲ್ಲ ಅಂತ ನಾನು ಯಾವಾಗಲೋ ಒಮ್ಮೆ ಹೇಳಿದ್ದೆ. ನೀನು ನೆನಪಿಟ್ಟುಕೊಂಡಿದ್ದೆ. ಅವತ್ತು ಅಮ್ಮ ಕೊನೇವರೆಗೂ ಕೂತು ಎಲ್ಲರ ಜೊತೆ ಹರಟಿದಳು. ಕೇಕಿಗಿಂತ ಅದೇ ನನ್ನ ಕಣ್ಣಲ್ಲಿದೆ."

'ತುಂಬಾ ಖುಷಿಯಾಯ್ತು' ಅನ್ನೋದನ್ನು ಬೇಕಂತಲೇ ಬಿಟ್ಟೆ. ಕುರ್ಚಿ, ದಿಂಬು ಅಂದರೆ ಸಾಕು. ಈಗ ಎರಡು ಅನುಮಾನ. ಜೊತೆಗೆ ಓಡಾಡಿದ ಮೂವರ ಹೆಸರು ಇದರಲ್ಲೇ ಸೇರಿಸಿದರೆ ಕುರ್ಚಿಯ ಮಾತು ತೆಳುವಾಗುತ್ತದೆ. ಅವರಿಗೆ ಬೇರೆ ಮೆಸೇಜು ಸಾಕಾ? ಇನ್ನೊಂದು, ಎಲ್ಲೂ 'ಥ್ಯಾಂಕ್ಸ್' ಪದವೇ ಇಲ್ಲ. ಹತ್ತಿರದವರಿಗೆ ಅದು ದೂರ ಮಾಡಿದ ಹಾಗೆ ಅನ್ನಿಸುತ್ತೆ, ಆದರೆ ಚೀಟಿಯಲ್ಲಿ ಇಲ್ಲದಿದ್ದರೆ ಕೊರತೆಯಾ? ಹಾಕೋದಾದರೆ ಯಾವ ಸಾಲಿನಲ್ಲಿ?